ಮೂರು ದಿನಕ್ಕೊಮ್ಮೆ ಅಂತ ಯಾರು ಹೇಳಿದ್ದು?

ನಮ್ಮದು ದಕ್ಷಿಣಕ್ಕೆ ತೆರೆದ ಬಾಲ್ಕನಿ, ಹನ್ನೊಂದು ಕುಂಡಗಳಿವೆ. ಒಂದೊಂದಕ್ಕೂ ನೀರು ಹಾಕಲು ಮೊಬೈಲಿನಲ್ಲಿ ಬೇರೆ ಬೇರೆ ರಿಮೈಂಡರ್ ಇಟ್ಟಿದ್ದೇನೆ. ಚಳಿಗಾಲ ಬಂತಲ್ಲ ಎಂದು ಕರಿಬೇವಿಗೆ ಮೂರು ದಿನದ ಬದಲು ಐದು ದಿನ ಮಾಡಿದೆ. ಈಗ ಎಲೆ ಉದುರುತ್ತಿದೆ. ಸರಿಯಾಗಿ ಎಷ್ಟು ದಿನಕ್ಕೊಮ್ಮೆ ಹಾಕಬೇಕು? (ಡೊಂಬಿವಲಿ)

ಈ ‘ಎಷ್ಟು ದಿನಕ್ಕೊಮ್ಮೆ’ ವಾರಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಕರಿಬೇವಿಗೆ ಇಷ್ಟು ದಿನ ಎಂಬ ಲೆಕ್ಕವೇ ಇಲ್ಲ. ಆ ಕುಂಡಕ್ಕೆ, ಆ ಜಾಗಕ್ಕೆ, ಆ ತಿಂಗಳಿಗೆ ಇಷ್ಟು ದಿನ ಎಂಬ ಲೆಕ್ಕ ಮಾತ್ರ ಇದೆ.

ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಎಂಬ ಬುದ್ಧಿಮಾತು ನಿಮ್ಮ ಬಾಲ್ಕನಿಗೆ ಉಲ್ಟಾ ಹೊಡೆದಿರುವ ಸಾಧ್ಯತೆಯೇ ಹೆಚ್ಚು. ಮುಂಬಯಿ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ನಡುವಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ಜೂನಿನಲ್ಲಿ ಸ್ವಲ್ಪ ಉತ್ತರಕ್ಕೇ ಸರಿಯುತ್ತಾನೆ. ಆಗ ಮೇಲಿನ ಮನೆಯ ಸ್ಲ್ಯಾಬು ನಿಮ್ಮ ಕುಂಡಗಳಿಗೆ ಕೊಡೆ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ಇಳಿದು, ಮಧ್ಯಾಹ್ನ ಬಾಲ್ಕನಿಯೊಳಗೆ ಗೋಡೆಯ ತನಕ ಬಿಸಿಲು ಚೆಲ್ಲುತ್ತಾನೆ. ಗಾಳಿಯೂ ಒಣಗಿರುತ್ತದೆ. ನೀವು ಬಿಸಿಲು ಏರಿದಾಗ ನೀರು ಇಳಿಸಿದ್ದೀರಿ. ಉತ್ತರದ ಬಾಲ್ಕನಿಯವರಿಗೆ ಮಾತ್ರ ಆ ಬುದ್ಧಿಮಾತು ಹೊಂದುತ್ತದೆ.

ಆದರೂ ಈಗಲೇ ಬಕೆಟ್ ಎತ್ತಬೇಡಿ. ಚಳಿಯಲ್ಲಿ ಕರಿಬೇವು ತಾನಾಗಿಯೂ ಒಂದಿಷ್ಟು ಎಲೆ ಉದುರಿಸುತ್ತದೆ. ಮಣ್ಣು ಒದ್ದೆಯಿದ್ದು ಎಲೆ ಹಳದಿಯಾಗಿ ಬಿದ್ದರೆ ಅದು ಬಾಯಾರಿಕೆಯಲ್ಲ, ನೀರು ಹೆಚ್ಚಾಗಿರಬಹುದು. ಎಲೆ ಗರಿಗರಿಯಾಗಿ, ಕುಂಡ ಹಗುರಾಗಿದ್ದರೆ ಬಾಯಾರಿಕೆ.

ಹಗುರ ಎಂದರೆ ಎಷ್ಟು? ತೂಗಿ. ಊರಿಗೆ ಹೊರಟಾಗ ಬ್ಯಾಗ್ ತೂಗುವ ಕೊಕ್ಕೆಯ ತಕ್ಕಡಿ ಸಾಕು, ಕುಂಡಕ್ಕೆ ಹಗ್ಗ ಕಟ್ಟಿ ನೇತುಹಾಕಿ. ಬುಡದ ತೂತಿನಿಂದ ಹರಿಯುವಷ್ಟು ನೀರು ಹಾಕಿ, ಅರ್ಧ ಗಂಟೆ ಬಿಟ್ಟು ತೂಗಿ ಬರೆದಿಡಿ. ಆಮೇಲೆ ನೀರು ಹಾಕದೆ ದಿನಾ ಬೆಳಿಗ್ಗೆ ತೂಗಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿದಾಗ ಮಣ್ಣು ಒಣಗಿದ್ದರೆ ಆ ದಿನದ ತೂಕವೂ ಬರೆಯಿರಿ. ನನ್ನ ಹತ್ತು ಇಂಚಿನ ಕುಂಡದ ಕರಿಬೇವು ತುಂಬಿದಾಗ 9.1 ಕಿಲೋ, ನೀರು ಕೇಳುವಾಗ 7.7. ಈ 1.4 ಕಿಲೋ ಇಳಿಯಲು ಜುಲೈಯಲ್ಲಿ ಆರು ದಿನ ಹಿಡಿದಿತ್ತು, ಡಿಸೆಂಬರಿನಲ್ಲಿ ಮೂರೇ ದಿನ. ನನ್ನದೂ ದಕ್ಷಿಣದ ಬಾಲ್ಕನಿಯೇ.

ಒಂದು ಮೋಸ ಇದೆ. ಕೊಕೊಪೀಟ್ ಪೂರ್ತಿ ಒಣಗಿದ್ದರೆ ಹಾಕಿದ ನೀರು ಅಂಚಿನಿಂದ ಜಾರಿ ಕೆಳಗೆ ಬರುತ್ತದೆ. ತಟ್ಟೆ ತುಂಬಿತೆಂದು ನೀವು ಖುಷಿ, ಬೇರು ಒಣ. ನೀರು ಹಾಕಿದ ಮೇಲೂ ತೂಕ ಏರದಿದ್ದರೆ ಕುಂಡವನ್ನು ಅರ್ಧ ಗಂಟೆ ನೀರಿನ ಟಬ್ಬಿನಲ್ಲಿ ಕೂರಿಸಿ.

ಈಗ ರಿಮೈಂಡರ್. ಸಿಕ್ಕಿದ ಲೆಕ್ಕಕ್ಕಿಂತ ಒಂದು ದಿನ ಮುಂಚೆ ಇಡಿ, ‘ನೀರು ಹಾಕು’ ಎಂದಲ್ಲ, ‘ಎತ್ತಿ ನೋಡು’ ಎಂದು ಬರೆಯಿರಿ. ವಾರ ಕಳೆದರೆ ಕೈಗೇ ಭಾರ ಗೊತ್ತಾಗುತ್ತದೆ, ತಕ್ಕಡಿ ಬೇಡ. ಭಾರವಿದ್ದರೆ ನಾಳೆಗೆ ತಳ್ಳಿ. ಮುಂದಿನ ಎಣಿಕೆ ನೀರು ಹಾಕಿದ ದಿನದಿಂದ ಶುರುವಾಗಬೇಕು. ಕ್ಯಾಲೆಂಡರ್ ತಾರೀಕಿಗೆ ಗಂಟು ಹಾಕಿದರೆ ಒಂದು ದಿನ ತಳ್ಳಿದ ಕುಂಡಕ್ಕೆ ಮತ್ತೆ ಬೇಗನೆ ನೀರು ಬೀಳುತ್ತದೆ. Todoist ಆ್ಯಪ್ ಬಳಸುವವರು, ಲೆಕ್ಕ ಮೂರು ದಿನ ಬಂದಿದ್ದರೆ, ಹೀಗೆ ಬರೆಯಬೇಕು, ಆಶ್ಚರ್ಯಸೂಚಕ ಬಿಡಬಾರದು:

```
every! 2 days
```

ಇನ್ನು ಋತು. ಮಾರ್ಚ್ ಮೊದಲ ವಾರ, ಜೂನ್ ನಡುವೆ ಮಳೆ ಹಿಡಿದಾಗ, ಅಕ್ಟೋಬರ್ 10ರ ಸುಮಾರಿಗೆ, ಡಿಸೆಂಬರ್ 1ಕ್ಕೆ ಮತ್ತೆ ತೂಗಿ. ಇವಕ್ಕೂ ರಿಮೈಂಡರ್ ಇರಲಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ಗಿಡ ಸಾಯುವುದು ಅಕ್ಟೋಬರಿನಲ್ಲಿ: ಮಳೆ ಹೋಗಿ ಬಿಸಿಲು ಚುರುಗುಟ್ಟುತ್ತಿದ್ದರೂ ಮೊಬೈಲ್ ಇನ್ನೂ ಜುಲೈ ಲೆಕ್ಕವನ್ನೇ ಹೇಳುತ್ತಿರುತ್ತದೆ.

ಮಳೆಗಾಲದಲ್ಲಿ ಎಲ್ಲ ರಿಮೈಂಡರ್ ಬಂದ್ ಮಾಡಬಹುದೇ? (ಮುಲುಂಡ್)

ಸ್ಲ್ಯಾಬಿನಡಿಯ ಹಿಂದಿನ ಸಾಲಿಗೆ ಮಳೆ ತಾಗಿದೆಯೇ ಎಂದು ಮೊದಲು ಮುಟ್ಟಿ ನೋಡಿ.

ಮಣ್ಣಿಗೆ ಚುಚ್ಚುವ ತೇವಾಂಶದ ಮೀಟರ್ ಕೊಳ್ಳಲೇ? (ಪುಣೆ)

ಬೇಡ. ಅಗ್ಗದ ಮೀಟರಿಗೆ ಗೊಬ್ಬರದ ಉಪ್ಪೂ ತೇವದಂತೆಯೇ ಕಾಣುತ್ತದೆ.

ನರ್ಸರಿಯವರು ಅಡೆನಿಯಂಗೆ ದಿನಕ್ಕೊಂದು ಗ್ಲಾಸ್ ನೀರು ಎಂದಿದ್ದಾರೆ. ಸರಿಯೇ? (ಠಾಣೆ)

ನನಗೂ ಒಬ್ಬ ನರ್ಸರಿಯವ ಇದನ್ನೇ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಆಗಸ್ಟಿನಲ್ಲಿ ಗಿಡದ ಬುಡ ಹಿಸುಕಿದರೆ ಕಳಿತ ಬಾಳೆಹಣ್ಣು. ಮತ್ತೊಂದು ಗಿಡ ಕೊಳ್ಳಲು ನಾನು ಅವನ ಬಳಿಗೇ ಹೋಗಿದ್ದೆ.