ಕಾಯಿ ಹಾಲು ಒಡೆಯದ ಹಾಗೆ ಪಾಯಸ ಮಾಡುವುದು ಹೇಗೆ?

"ಬೆಲ್ಲದ ಪಾಯಸಕ್ಕೆ ಕಾಯಿ ಹಾಲು ಹಾಕಿ ಕುದಿಸಿದರೆ ಪ್ರತಿ ಸಲ ಒಡೆದು ಹೋಗುತ್ತದೆ. ಯಾಕೆ? ಗಟ್ಟಿ ಹಾಲು, ತೆಳು ಹಾಲು ಬೇರೆ ಬೇರೆ ತೆಗೆಯುವುದು ಹೇಗೆ?"

ನಮ್ಮದು ಹೊಳಲ್ಕೆರೆ ಕಡೆ. ಮನೆಯಲ್ಲಿ ಕಾಯಿಗೆ ಕೊರತೆ ಇಲ್ಲ, ಆದರೂ ಒಂದು ಯುಗಾದಿಗೆ ನನ್ನ ಹೆಸರುಬೇಳೆ ಪಾಯಸ ಪೂರ್ತಿ ಒಡೆದಿತ್ತು. ಎರಡೂ ಹಾಲನ್ನು ಒಟ್ಟಿಗೆ ಸುರಿದು, ಬೆಲ್ಲ ಹಾಕಿ, ದೊಡ್ಡ ಉರಿಯಲ್ಲಿ ಕುದಿಸಿದ್ದೆ. ಮೇಲೆ ಎಣ್ಣೆಯ ಚುಕ್ಕೆ, ಕೆಳಗೆ ನೀರು, ನಡುವೆ ಮೊಸರಿನ ಹಾಗೆ ಬಿಳಿ ತರಿ.

ಕಾಯಿ ಹಾಲು ಅಂದರೆ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಎಣ್ಣೆ ಹನಿಗಳು. ಕಾಯಿಯಲ್ಲಿರುವ ಪ್ರೋಟೀನ್ ಪ್ರತಿ ಹನಿಗೂ ತೆಳುವಾದ ಹೊದಿಕೆಯಾಗಿ, ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳುತ್ತದೆ. ಸುಮಾರು 80 ಡಿಗ್ರಿ ದಾಟಿದರೆ ಈ ಪ್ರೋಟೀನ್ ಮೊಟ್ಟೆಯ ಬಿಳಿ ಬೆಂದ ಹಾಗೆ ಗಟ್ಟಿಯಾಗಲು ಶುರುವಾಗುತ್ತದೆ. ಕುದಿತ ಜೋರಾದರೆ ಹನಿಗಳು ಡಿಕ್ಕಿ ಹೊಡೆದು ಒಂದಾಗುತ್ತವೆ. ಅದೇ ಒಡೆಯುವುದು. ಹುಣಸೆಹಣ್ಣು, ಟೊಮೆಟೊ, ಹುಳಿ ಇರುವ ಬೆಲ್ಲ ಸೇರಿದರೆ ಇನ್ನೂ ಬೇಗ ಒಡೆಯುತ್ತದೆ.

ಹಾಲು ತೆಗೆಯುವಾಗ ನಾನು ಒಂದು ಮಧ್ಯಮ ಕಾಯಿಯ ತುರಿಗೆ, ಅಂದರೆ ಸುಮಾರು ಎರಡು ಲೋಟಕ್ಕೆ, ಅರ್ಧ ಲೋಟ ಉಗುರುಬೆಚ್ಚನೆ ನೀರು ಹಾಕುತ್ತೇನೆ. ಕಾಯಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ತಣ್ಣೀರು ಹಾಕಿದರೆ ಎಣ್ಣೆ ತುರಿಯಲ್ಲೇ ಉಳಿದು, ಹಾಲು ನೀರುನೀರಾಗಿ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ತುರಿಯದೂ ಇದೇ ಕಥೆ. ಹಾಗಂತ ಕುದಿಯುವ ನೀರು ಬೇಡ. ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ, ತೆಳುವಾದ ಬಟ್ಟೆಯಲ್ಲಿ ಚೆನ್ನಾಗಿ ಹಿಂಡಿ. ಬೆರಳಿಗೆ ಹಚ್ಚಿದರೆ ಬಿಳಿಯಾಗಿ ಅಂಟಿಕೊಳ್ಳಬೇಕು. ಇದು ಗಟ್ಟಿ ಹಾಲು, ಪಕ್ಕಕ್ಕಿಡಿ. ಹಿಂಡಿದ ತುರಿಗೇ ಒಂದೂಕಾಲು ಲೋಟ ನೀರು ಹಾಕಿ ಇನ್ನೊಮ್ಮೆ ರುಬ್ಬಿ ಹಿಂಡಿದರೆ ತೆಳು ಹಾಲು.

ಅರ್ಧ ಲೋಟ ಬೇಳೆಯನ್ನು ಹುರಿದು, ನೀರಿನಲ್ಲಿ ಮೆತ್ತಗೆ ಬೇಯಿಸಿ, ಆಮೇಲೆ ತೆಳು ಹಾಲು ಸುರಿದು ಸಣ್ಣ ಉರಿಯಲ್ಲಿ ಕುದಿಸಿ. ಇದರಲ್ಲಿ ಎಣ್ಣೆ ಕಡಿಮೆ, ಜೊತೆಗೆ ಬೇಳೆಯ ಹಿಟ್ಟಿನಂಶ ಹನಿಗಳನ್ನು ದೂರ ಇಡುತ್ತದೆ. ಅದಕ್ಕೇ ತೆಳು ಹಾಲು ಕುದಿ ತಡೆಯುತ್ತದೆ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಸೋಸಿ ಹಾಕಿ. ಒಲೆ ಆರಿಸಿ, ಕುದಿ ಪೂರ್ತಿ ನಿಂತ ಮೇಲೆ ಗಟ್ಟಿ ಹಾಲು ಬೆರೆಸಿ. ಮತ್ತೆ ಬಿಸಿ ಮಾಡಲೇಬೇಕು ಅಂದರೆ ಅಂಚಿನಲ್ಲಿ ಹಬೆ ಏಳುವಷ್ಟೇ ಸಾಕು.

ಇನ್ನೊಂದು ಮಾತು. ಹಿಂಡಿಟ್ಟ ಹಾಲಿನ ಮೇಲೆ ಸ್ವಲ್ಪ ಹೊತ್ತಿಗೆ ಕೆನೆ ಬಂದರೆ ಗಾಬರಿ ಬೇಡ. ಸೌಟಿನಲ್ಲಿ ತಿರುಗಿಸಿದರೆ ಕೆನೆ ಮತ್ತೆ ಸೇರಿಕೊಳ್ಳುತ್ತದೆ. ಒಡೆದ ಹಾಲು ಎಷ್ಟು ತಿರುಗಿಸಿದರೂ ತರಿಯಾಗೇ ಇರುತ್ತದೆ. ಹಾಗೆ ಒಡೆದರೂ ಪಾಯಸ ಚೆಲ್ಲಬೇಡಿ, ತಿನ್ನಲು ಏನೂ ತೊಂದರೆ ಇಲ್ಲ. ಒಂದು ಚಮಚ ಅಕ್ಕಿಹಿಟ್ಟನ್ನು ನೀರಿನಲ್ಲಿ ಕದಡಿ ಹಾಕಿ, ಸಣ್ಣ ಉರಿಯಲ್ಲಿ ಹಿಟ್ಟಿನ ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಿ. ಮೊದಲಿನ ನುಣುಪು ಬರುವುದಿಲ್ಲ, ಆದರೆ ಎಣ್ಣೆ ಮೇಲೆ ತೇಲುವುದು ಕಡಿಮೆಯಾಗುತ್ತದೆ.