ಬಾತ್‌ರೂಮ್ ಪೂರ್ತಿ ಒಡೆದು ಮಾಡಿಸುವಾಗ 2 ಲಕ್ಷ ರೂಪಾಯಿಯನ್ನು ಹೇಗೆ ಹಂಚಬೇಕು?

ಪ್ರಶ್ನೆ: ನಮ್ಮದು ಬೆಂಗಳೂರಲ್ಲಿ 22 ವರ್ಷದ ಹಳೇ ಮನೆ. ಮೊದಲನೇ ಮಹಡಿಯ ಬಾತ್‌ರೂಮ್ 8 ಅಡಿಗೆ 5 ಅಡಿ. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ತೇವ ಕಾಣಿಸ್ತಾ ಇದೆ. ಪೂರ್ತಿ ಒಡೆದು ಹೊಸದಾಗಿ ಮಾಡಿಸೋಣ ಅಂತ ಇದ್ದೀವಿ. ಕೈಯಲ್ಲಿ 2 ಲಕ್ಷ ಇದೆ. ಪೈಪು, ವಾಟರ್‌ಪ್ರೂಫಿಂಗ್‌ಗೆ ಎಷ್ಟು ಇಡಬೇಕು? ಟೈಲ್ಸು, ನಲ್ಲಿ, ಕಮೋಡಿಗೆ ಎಷ್ಟು?

ಉತ್ತರ:

ಹಳೇ ಮನೆಗಳ ರಿಪೇರಿ ಕೆಲಸ ಮಾಡಿಸುವುದೇ ನನ್ನ ಕಸುಬು. ನಿಮ್ಮಂಥ ಮನೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡು ಟೈಲ್ಸಿನ ಹಿಂದೆ, ನೆಲದ ಕೆಳಗೆ ಹೋಗಬೇಕು. ಹಂಚುವಾಗ ಪ್ರತಿಯೊಂದು ಸಾಮಾನಿಗೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ನಾಳೆ ಇದು ಕೆಟ್ಟರೆ ಟೈಲ್ಸ್ ಒಡೆಯಬೇಕಾ, ಅಥವಾ ಸ್ಪ್ಯಾನರ್ ಹಿಡಿದು ಬಿಚ್ಚಿದರೆ ಸಾಕಾ? ಒಡೆಯಬೇಕಾದದ್ದಕ್ಕೆ ಈಗಲೇ ಒಳ್ಳೆಯದು ಹಾಕಿ. ಬಿಚ್ಚಬಹುದಾದದ್ದನ್ನು ಎರಡು ವರ್ಷ ಬಿಟ್ಟು ಬೇಕಾದರೂ ಬದಲಾಯಿಸಬಹುದು.

ದುಡ್ಡಿನ ಲೆಕ್ಕಕ್ಕೆ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಿ. ರಾತ್ರಿ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಟ್ಯಾಂಕಿಗೆ ನೀರು ಏರುವುದು ನಿಂತಿರಬೇಕು, ಮನೆಯಲ್ಲಿ ಯಾರೂ ನೀರು ಬಳಸಬಾರದು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಗೋಡೆಯೊಳಗಿನ ಪೈಪು ಎಲ್ಲೋ ಸೋರುತ್ತಿರಬಹುದು. ಮಟ್ಟ ಹಾಗೇ ಇದ್ದು, ಸ್ನಾನ ಮಾಡಿದ ದಿನಗಳಲ್ಲಿ ಮಾತ್ರ ಕೆಳಗೆ ತೇವ ಹೆಚ್ಚಾಗುತ್ತಿದ್ದರೆ ತೊಂದರೆ ನೆಲದಲ್ಲಿ ಅಥವಾ ಹೊರಗೆ ಹೋಗುವ ಪೈಪಿನಲ್ಲಿದೆ. ಕಮೋಡಿನ ಕೆಳಗಿನ ಜಾಯಿಂಟ್, ನೆಲದ ನೀರು ಹೊರಗೆ ಹೋಗುವ ನಹಾನಿ ಟ್ರ್ಯಾಪ್ ಸುತ್ತಮುತ್ತ, ಇವೆರಡೇ ಸಾಮಾನ್ಯವಾಗಿ ಕೈಕೊಡುವ ಜಾಗ. ಈ ಎರಡನೇ ಸಂದರ್ಭವಾದರೆ ನೆಲವನ್ನು ಪೂರ್ತಿ ಅಗೆಯದೆ ಬೇರೆ ದಾರಿ ಇಲ್ಲ. ಹಳೇ ಟೈಲ್ಸಿನ ಮೇಲೇ ಹೊಸ ಟೈಲ್ಸ್ ಅಂಟಿಸಿ 60 ಸಾವಿರದಲ್ಲಿ ಮುಗಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ತೇವ ಒಳಗೇ ಉಳಿದಿರುತ್ತದೆ.

ಈಗ ಲೆಕ್ಕ. ಇವು ನಾನು ಕೆಲಸ ಮಾಡಿಸುವ ಕಡೆಯ ಅಂದಾಜು ದರಗಳು. ನಿಮ್ಮ ಏರಿಯಾದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು.

2 ಲಕ್ಷದಲ್ಲಿ 25,000 ರೂಪಾಯಿಯನ್ನು ಮೊದಲೇ ಪಕ್ಕಕ್ಕೆ ಎತ್ತಿಡಿ. ನೆಲ ಅಗೆದಾಗ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದಿರುವುದು ಕಾಣಿಸಬಹುದು. ಟ್ಯಾಂಕಿನಿಂದ ಬರುವ ಹಳೇ ಜಿಐ ಪೈಪು ಒಳಗೆ ಕಟ್ಟಿಕೊಂಡು ಅರ್ಧ ಮುಚ್ಚಿರಬಹುದು. ಒಡೆಯುವ ಮುಂಚೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಕಮೋಡು, ನಲ್ಲಿ ಎಲ್ಲ ಮೊದಲೇ ಪೂರ್ತಿ ದುಡ್ಡು ಕೊಟ್ಟು ತಂದಿಟ್ಟವರು ಇಂಥ ಹೊತ್ತಿನಲ್ಲಿ ವಾಟರ್‌ಪ್ರೂಫಿಂಗಿನಲ್ಲಿ ಉಳಿಸಲು ನೋಡುತ್ತಾರೆ. ಅದೇ ದೊಡ್ಡ ನಷ್ಟ. ಅಂಗಡಿಯಲ್ಲಿ ಮಾಡೆಲ್ ಆರಿಸಿ ಅಡ್ವಾನ್ಸ್ ಮಾತ್ರ ಕೊಡಿ. ಕಮೋಡಿನ ಅಳತೆ ಮಾತ್ರ ಮೊದಲೇ ಬರೆದುಕೊಂಡು ಬನ್ನಿ. ಟೈಲ್ಸ್ ಹಾಕಿದ ಗೋಡೆಯಿಂದ ಕೆಳಗಿನ ಪೈಪಿನ ನಡುಮಧ್ಯಕ್ಕೆ ಎಷ್ಟು ದೂರ ಬೇಕು ಎಂಬುದು ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. 9 ಇಂಚು ಮತ್ತು 12 ಇಂಚು ಹೆಚ್ಚಾಗಿ ಸಿಗುತ್ತವೆ. ಇದು ಗೊತ್ತಿಲ್ಲದೆ ಪ್ಲಂಬರ್ ಪೈಪು ಕೂರಿಸಿದರೆ ಆಮೇಲೆ ಮತ್ತೆ ನೆಲ ಒಡೆಯಬೇಕು.

ಎತ್ತಿಟ್ಟ 25,000 ಬಿಟ್ಟು ಒಳಗಿನ ಕೆಲಸಕ್ಕೆ ಒಟ್ಟು 92,000. ಅದರಲ್ಲಿ ಒಡೆಯುವುದು, ಅಗೆಯುವುದು, ಡೆಬ್ರಿ ಸಾಗಿಸುವುದಕ್ಕೆ 22,000. ಮಹಡಿಯಿಂದ ಮೂಟೆ ಕಟ್ಟಿ ಇಳಿಸಬೇಕು, ಜೊತೆಗೆ ಗಾಡಿ ಬಾಡಿಗೆ. ಕೊಟೇಶನ್ನಿನಲ್ಲಿ ಇದನ್ನು ಬರೆಯದೆ ಬಿಟ್ಟಿರುತ್ತಾರೆ, ಕೇಳಿ ಬರೆಸಿಕೊಳ್ಳಿ. ಪ್ಲಂಬಿಂಗ್ ಸಾಮಾನು ಮತ್ತು ಕೂಲಿಗೆ 28,000. ಸಂಕನ್ ಭಾಗದ ವಾಟರ್‌ಪ್ರೂಫಿಂಗ್, ತುಂಬುವುದು, ಮೇಲಿನ ಕಾಂಕ್ರೀಟಿಗೆ 24,000. ಗೋಡೆ ಪ್ಲಾಸ್ಟರಿಂಗ್‌ಗೆ 10,000, ಎಲೆಕ್ಟ್ರಿಕಲ್‌ಗೆ 8,000.

ಆ 24,000ದಲ್ಲಿ ಏನೇನು ಆಗಬೇಕು ಎಂಬುದು ನಿಮಗೆ ಗೊತ್ತಿರಲೇಬೇಕು. ಮಹಡಿಯ ಬಾತ್‌ರೂಮುಗಳಲ್ಲಿ ಸ್ಲ್ಯಾಬನ್ನು ಸುಮಾರು ಒಂದಡಿ ತಗ್ಗಿಸಿ, ಪೈಪು ಹಾಯಿಸಿ, ಮೇಲೆ ಇಟ್ಟಿಗೆ ಚೂರು ತುಂಬಿರುತ್ತಾರೆ. ಈ ತಗ್ಗಿಗೇ ಸಂಕನ್ ಎನ್ನುವುದು. ಸೋರುವ ನೆಲದಲ್ಲಿ ಅಲ್ಲಿ ವರ್ಷಗಟ್ಟಲೆ ನೀರು ನಿಂತಿರುತ್ತದೆ. ತುಂಬಿದ್ದನ್ನೆಲ್ಲ ತೆಗೆದು ಸ್ಲ್ಯಾಬಿನ ಕಾಂಕ್ರೀಟು ಕಾಣುವವರೆಗೆ ಸ್ವಚ್ಛ ಮಾಡಬೇಕು. ಗೋಡೆ ಮತ್ತು ನೆಲ ಸೇರುವ ಮೂಲೆಯನ್ನು ಸಿಮೆಂಟಿನಿಂದ ದುಂಡಗೆ ಮಾಡಿಸಿ, ಮೂಲೆ ಚೂಪಾಗಿದ್ದರೆ ಕೋಟಿಂಗ್ ಅಲ್ಲೇ ಬಿರಿಯುತ್ತದೆ. ಪುಡಿ ಮತ್ತು ದ್ರವ ಕಲಸಿ ಹಚ್ಚುವ ಪಾಲಿಮರ್ ಕೋಟಿಂಗ್ ಎರಡು ಸಲ ಬೇಕು. ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ ಹಚ್ಚಬೇಕು. ಮೂಲೆಗಳಲ್ಲಿ, ಪೈಪು ಗೋಡೆ ದಾಟುವ ಜಾಗದಲ್ಲಿ ಫೈಬರ್ ಮೆಶ್ ಇಡಿಸಿ. ಕೋಟಿಂಗ್ ಗೋಡೆಯ ಮೇಲೆ, ಮುಗಿದ ನೆಲದಿಂದ ಒಂದಡಿ ಎತ್ತರದವರೆಗೂ ಬರಬೇಕು. ಶವರ್ ಇರುವ ಗೋಡೆಗೆ ಆರಡಿ.

ಆಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ, ನೀರು ತುಂಬಿಸಿ, 48 ಗಂಟೆ ಬಿಡಿ. ಕೆಳಗಿನ ಮನೆಗೆ ಹೋಗಿ ಸೀಲಿಂಗ್ ನೋಡಿ. ಈಗಾಗಲೇ ತೇವ ಇರುವುದರಿಂದ ಹಳೇ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದಿಡಿ, ಗೆರೆ ದಾಟಿ ಹರಡಿದರೆ ಗೊತ್ತಾಗುತ್ತದೆ. ಇದಾದ ಮೇಲೆಯೇ ತುಂಬುವುದು. ತುಂಬಿ ಕಾಂಕ್ರೀಟು ಹಾಕಿದ ಮೇಲೆ, ಟೈಲ್ಸಿಗೆ ಮುಂಚೆ, ಇನ್ನೊಂದು ಸಲ ಕೋಟಿಂಗ್, ಇನ್ನೊಂದು ಸಲ ನೀರು. ಮೇಸ್ತ್ರಿ ಅವಸರ ಮಾಡುವುದು ಇಲ್ಲೇ. ಕೆಲಸ ನಿಂತರೆ ಅವರಿಗೆ ಕೂಲಿ ನಷ್ಟ, ಅದು ನ್ಯಾಯವೂ ಹೌದು. ಅದಕ್ಕೇ ಮಾತಾಡುವಾಗಲೇ ಹೇಳಿಬಿಡಿ: ನೀರು ನಿಲ್ಲಿಸುವ ದಿನಗಳು ಲೆಕ್ಕದಲ್ಲಿ ಸೇರಿವೆ, ಮುಂದಿನ ಕಂತು ಅದು ಪಾಸಾದ ಮೇಲೆ.

ಪೈಪುಗಳಿಗೂ ಹೀಗೇ. ಗೋಡೆ ಮುಚ್ಚುವ ಮುಂಚೆ ಹ್ಯಾಂಡ್ ಪಂಪಿನಿಂದ ಪ್ರೆಶರ್ ಟೆಸ್ಟ್ ಮಾಡಿಸಿ, ಮೀಟರಿನ ಮುಳ್ಳು ಒಂದು ಗಂಟೆ ಅಲ್ಲಾಡದೆ ನಿಲ್ಲಬೇಕು. ಆಮೇಲೆ ಟೇಪ್ ಹಿಡಿದು ಎಲ್ಲ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಕನ್ನಡಿ, ಟವೆಲ್ ರಾಡ್‌ಗೆ ತೂತು ಕೊರೆಯುವಾಗ ಪೈಪು ಎಲ್ಲಿದೆ ಎಂದು ಗೊತ್ತಿರುತ್ತದೆ.

ಟೈಲ್ಸ್‌ಗೆ 30,000. ನಿಮ್ಮ ರೂಮಿನ ಸುತ್ತಳತೆ 26 ಅಡಿ, 7 ಅಡಿ ಎತ್ತರ ಎಂದರೆ 182 ಚದರಡಿ. ಬಾಗಿಲಿನ ಜಾಗ ಕಳೆದು, ನೆಲದ 40 ಸೇರಿಸಿದರೆ ಸುಮಾರು 205. ಕತ್ತರಿಸುವಾಗ ಹಾಳಾಗುವುದೂ ಸೇರಿ 225 ಚದರಡಿ ತನ್ನಿ. ಚದರಡಿಗೆ 60 ರೂಪಾಯಿಯ ಟೈಲ್ಸ್ ಆದರೆ 13,500. ಉಳಿದದ್ದು ಕೂಲಿ, ಅಂಟು, ಗ್ರೌಟಿಗೆ. 120 ರೂಪಾಯಿಯ ಟೈಲ್ಸಿಗೆ ಮನಸ್ಸು ಹೋದರೆ ಖರ್ಚು ಇನ್ನೂ 13,500 ಏರುತ್ತದೆ, ಕೆಲಸದ ಬಾಳಿಕೆ ಮಾತ್ರ ಒಂದು ದಿನವೂ ಹೆಚ್ಚುವುದಿಲ್ಲ. ನೆಲಕ್ಕೆ ಜಾರದ ಮ್ಯಾಟ್ ಟೈಲ್ಸೇ ಇರಲಿ. 8 ಅಡಿ ಉದ್ದಕ್ಕೆ ಟ್ರ್ಯಾಪಿನ ಕಡೆಗೆ ಒಂದು ಇಂಚು ಇಳಿಜಾರು ಬರಬೇಕು. ಟೈಲ್ಸ್ ಒಣಗಿದ ಮೇಲೆ ಒಂದು ಬಕೆಟ್ ನೀರು ಚೆಲ್ಲಿ ನೋಡಿ, ಎಲ್ಲೂ ನಿಲ್ಲಬಾರದು.

ಇನ್ನು ಕಾಣುವ ಸಾಮಾನು, ಒಟ್ಟು 43,500. ನೆಲದ ಮೇಲೆ ಕೂರುವ ಕಮೋಡಿಗೆ 10,000, ಬೇಸಿನ್‌ಗೆ 3,500, ಶವರ್, ನಲ್ಲಿ, ಹೆಲ್ತ್ ಫಾಸೆಟ್ ಸೇರಿ 16,000, ಬಾಗಿಲಿಗೆ 8,000, ಆ್ಯಂಗಲ್ ವಾಲ್ವ್, ಕನ್ನಡಿ, ರಾಡಿಗೆ 4,000, ಎಕ್ಸಾಸ್ಟ್ ಫ್ಯಾನಿಗೆ 2,000. ಗೀಸರ್ ಈಗಿನದ್ದೇ ಇರಲಿ. ಆದರೆ ಅದರ ವೈರು ಹೊಸದಾಗಿ 4 ಸ್ಕ್ವೇರ್ ಎಂಎಂ ಎಳೆಸಿ, ಆ ಲೈನಿಗೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಮೇಲೆ ಎಲೆಕ್ಟ್ರಿಕಲ್ ಕೆಲಸಕ್ಕೆ ಹೇಳಿದ 8,000ದಲ್ಲಿ ಅದು ಸೇರಿದೆ.

ಇಲ್ಲಿ ಒಂದು ಸಾಮಾನಿನ ಬಗ್ಗೆ ಬಿಡಿಸಿ ಹೇಳಬೇಕು. ಅಂಗಡಿಯವರು ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ಕನ್ಸೀಲ್ಡ್ ಡೈವರ್ಟರ್ ತೋರಿಸುತ್ತಾರೆ. ಗೋಡೆಯ ಮೇಲೆ ಒಂದು ಪ್ಲೇಟು, ಒಂದು ಹಿಡಿ, ನೋಡಲು ಚೆಂದ. ಅದು ಕಾಣುವ ಸಾಮಾನು ಅನ್ನಿಸುತ್ತದೆ, ಆದರೆ ಅದರ ಹಿತ್ತಾಳೆ ಬಾಡಿ ಗೋಡೆಯೊಳಗೆ ಹೂತಿರುತ್ತದೆ. ಒಂದು ಕಂಪನಿಯ ಬಾಡಿಗೆ ಇನ್ನೊಂದರ ಪ್ಲೇಟು ಕೂರುವುದಿಲ್ಲ. ನಿಮ್ಮದು ಬೋರ್‌ವೆಲ್ ನೀರಾದರೆ ಸುಣ್ಣ ಕಟ್ಟಿ ಒಳಗಿನ ಕಾರ್ಟ್ರಿಜ್ ಬೇಗ ಬಿಗಿಯಾಗುತ್ತದೆ. ಹತ್ತು ವರ್ಷ ಬಿಟ್ಟು ಆ ಮಾಡೆಲ್ಲಿನ ಕಾರ್ಟ್ರಿಜ್ ಸಿಗದಿದ್ದರೆ ಗೋಡೆ ಒಡೆಯಬೇಕು. 2 ಲಕ್ಷದ ಬಜೆಟ್‌ಗೆ ನಾನು ಹೇಳುವುದು ಹೊರಗೆ ಕೂರುವ ವಾಲ್ ಮಿಕ್ಸರ್. ಬಿಸಿ ಮತ್ತು ತಣ್ಣೀರಿನ ಎರಡು ಪಾಯಿಂಟುಗಳ ನಡುವೆ 6 ಇಂಚು ಬಿಟ್ಟು ಪೈಪು ಕೂರಿಸುವುದು ವಾಡಿಕೆ. ಹೆಚ್ಚಿನ ಕಂಪನಿಗಳ ಮಿಕ್ಸರ್‌ಗಳು ಅದಕ್ಕೇ ಹೊಂದುತ್ತವೆ, ಸ್ವಲ್ಪ ವ್ಯತ್ಯಾಸವಿದ್ದರೂ ಜೊತೆಗೆ ಬರುವ ತಿರುಗಿಸುವ ಕಾಲುಗಳಲ್ಲಿ ಸರಿಹೋಗುತ್ತದೆ. ಕೆಟ್ಟರೆ ಅರ್ಧ ಗಂಟೆಯಲ್ಲಿ ಬದಲಾಯಿಸಬಹುದು. ಗೋಡೆಗೆ ತೂಗುವ ಕಮೋಡು, ಗೋಡೆಯೊಳಗಿನ ಫ್ಲಶ್ ಟ್ಯಾಂಕನ್ನೂ ಇದೇ ಕಾರಣಕ್ಕೆ ಈ ಬಜೆಟ್‌ನಲ್ಲಿ ಬಿಡಿ. ಒಳಗಿನ ಫ್ರೇಮು, ಟ್ಯಾಂಕು ಸೇರಿ ಖರ್ಚು ಬಹಳ ಏರುತ್ತದೆ, ಆ ದುಡ್ಡು ನೆಲದ ಪಾಲಿನಿಂದಲೇ ಹೋಗುವುದು.

ಆ್ಯಂಗಲ್ ವಾಲ್ವ್ ಮಾತ್ರ ಅಗ್ಗದ್ದು ಬೇಡ. ಬೇಸಿನ್, ಫ್ಲಶ್, ಗೀಸರ್ ಯಾವುದು ಕೆಟ್ಟರೂ ಇಡೀ ಮನೆಯ ನೀರು ನಿಲ್ಲಿಸದೆ ರಿಪೇರಿ ಮಾಡಲು ಇದೇ ಬೇಕು. ಗಾಜಿನ ಪಾರ್ಟಿಶನ್, ದೊಡ್ಡ ಶವರ್ ಹೆಡ್, ಲೈಟಿರುವ ಕನ್ನಡಿ ಎಲ್ಲ ಮುಂದಿನ ವರ್ಷಕ್ಕಿರಲಿ. ಗಾಜು ಖಂಡಿತ ಹಾಕಿಸುತ್ತೀರಿ ಎಂದಾದರೆ ಈಗಲೇ ಮೇಸ್ತ್ರಿಗೆ ಜಾಗ ತೋರಿಸಿ. ನೀರು ಗಾಜಿನ ಒಳಬದಿಗೇ ಇಳಿಯುವಂತೆ ಇಳಿಜಾರು ಮಾಡುತ್ತಾರೆ.

ಎಲ್ಲ ಕೂಡಿದರೆ 1,90,500 ಆಯಿತು. ಉಳಿದ 9,500 ಕೆಳಗಿನ ಮನೆಯ ಸೀಲಿಂಗಿಗೆ. ಅಲ್ಲಿ ತಕ್ಷಣ ಪೇಂಟ್ ಹೊಡೆಸಬೇಡಿ. ಸ್ಲ್ಯಾಬಿನೊಳಗೆ ಕುಳಿತ ನೀರು ಆರಲು ಕೆಲವು ತಿಂಗಳು ಬೇಕು. ಉದುರುವ ಪ್ಲಾಸ್ಟರ್ ಕೆರೆದು ಹಾಗೇ ಬಿಡಿ, ನಿಮ್ಮ ಪೆನ್ಸಿಲ್ ಗೆರೆಯೊಳಗೆ ಕಲೆ ಪೂರ್ತಿ ಒಣಗಿದ ಮೇಲೆ ಪುಟ್ಟಿ, ಪೇಂಟ್ ಮಾಡಿಸಿ. ಕೆಳಗಿನವರಿಗೆ ಇದನ್ನು ಮೊದಲೇ ಹೇಳಿಟ್ಟರೆ ಅವರೂ ಕಾಯುತ್ತಾರೆ.