ಪಶ್ಚಿಮದ ಕಿಟಕಿ ಇರುವ ಹಾಲ್‌ಗೆ ಎಐ ಪ್ರಾಂಪ್ಟ್ ಬರೆಯುವುದು

ಪ್ರಶ್ನೆ: ಬಾಗಲಕೋಟೆ ನವನಗರದಾಗ ನಮ್ಮನಿ ಹಾಲ್‌ಗೆ ಪಶ್ಚಿಮಕ್ಕ ಒಂದ ಕಿಟಕಿ. ಎಐ ಚಿತ್ರದಾಗ ಬೆಳಕು ಎಲ್ಲೆಲ್ಲಿಂದನೋ ಬರ್ತದ. ಪ್ರಾಂಪ್ಟ್ ಹೆಂಗ ಬರೀಬೇಕ್ರಿ?

ಉತ್ತರ: ದಿಕ್ಕಿನ ಹೆಸರು ಬಿಡಿ, ಎಡ-ಬಲ ಬರೆಯಿರಿ. ಚಿತ್ರದಲ್ಲಿ ಉತ್ತರ ಯಾವ ಕಡೆ ಎಂಬುದು ಎಐಗೆ ತಿಳಿಯದು. ಮೊದಲು ನೀವೆಲ್ಲಿ ನಿಂತಿದ್ದೀರಿ ಎಂದು ನಿರ್ಧರಿಸಿ. ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು ಉತ್ತರಕ್ಕೆ ನೋಡಿದರೆ ನಿಮ್ಮ ಕಿಟಕಿ ಎಡಕ್ಕೆ ಬರುತ್ತದೆ. ಆಗ ಹೀಗೆ ಬರೆಯಬಹುದು:

"12 ಅಡಿ ಅಗಲ, 16 ಅಡಿ ಉದ್ದದ ಹಾಲ್, ಕಣ್ಣಿನ ಎತ್ತರದಿಂದ ನೋಟ. ಎಡಗೋಡೆಯಲ್ಲಿ ಒಂದೇ ಕಿಟಕಿ, ಎದುರಿನ ಗೋಡೆಯಲ್ಲಿ ಬಾಗಿಲು, ಬಲಗೋಡೆಗೆ ಸೋಫಾ, ನಡುವೆ ಟೀಪಾಯಿ. ಸಂಜೆ 5ರ ಇಳಿಬಿಸಿಲು ಎಡದಿಂದ, ನೆರಳು ಉದ್ದವಾಗಿ ಬಲಕ್ಕೆ. ದೀಪ ಹಚ್ಚಿಲ್ಲ."

ಕೊನೆಯ ಮಾತು ಮರೆಯಬೇಡಿ. ಅದಿಲ್ಲದಿದ್ದರೆ ಸೀಲಿಂಗ್ ಲೈಟುಗಳು ತಾವೇ ಬಂದು ಬಿಸಿಲಿನ ಗುಣ ಕೆಡಿಸುತ್ತವೆ.

ನೆಲಕ್ಕೆ "ಇಳಕಲ್ ಗ್ರಾನೈಟ್" ಎಂದಷ್ಟೇ ಬರೆದರೆ ಸಾಲದು, ಆ ಹೆಸರು ಎಐಗೆ ಗೊತ್ತಿರಲಿಕ್ಕಿಲ್ಲ. "ಕೆಂಪು-ಗುಲಾಬಿ ಕಲ್ಲು, ಸಣ್ಣ ಕಪ್ಪು ಚುಕ್ಕೆ" ಎನ್ನಿ. ಪಾಲಿಶ್ ಇದೆಯೋ ಇಲ್ಲವೋ ಅದನ್ನೂ ಹೇಳಿ. ಪಾಲಿಶ್ ಮಾಡಿದ ನೆಲದಲ್ಲಿ ಕಿಟಕಿಯ ಪ್ರತಿಬಿಂಬ ಕಾಣುತ್ತದೆ, ಒರಟು ಕಲ್ಲಿನಲ್ಲಿ ಬಿಸಿಲು ಹರಡಿಕೊಳ್ಳುತ್ತದೆ.

ಚಿತ್ರ ಬಂದ ಮೇಲೆ ಟೀಪಾಯಿಯ ಕಾಲುಗಳನ್ನು ನೋಡಿ. ನೆರಳು ಬಲಕ್ಕಷ್ಟೇ ಬಿದ್ದಿದ್ದರೆ ಸರಿ. ಎರಡು ಕಡೆ ಬಿದ್ದಿದ್ದರೆ ಎಐ ಇನ್ನೊಂದು ಬೆಳಕು ಸೇರಿಸಿದೆ; "ಬಲಗೋಡೆಯಲ್ಲಿ ಕಿಟಕಿ ಇಲ್ಲ, ಖಾಲಿ ಗೋಡೆ" ಎಂದು ಸೇರಿಸಿ ಮತ್ತೆ ಕೇಳಿ.

ಅಡಿಗಳ ಲೆಕ್ಕವನ್ನು ಮಾತ್ರ ಅದು ನಿಖರವಾಗಿ ಪಾಲಿಸುವುದಿಲ್ಲ. ಖಾಲಿ ಹಾಲ್‌ನ ಫೋಟೋವನ್ನೂ ಜೊತೆಗೆ ಕೊಟ್ಟರೆ ಅಳತೆ ಹತ್ತಿರಕ್ಕೆ ಬರುತ್ತದೆ. ಆದರೂ ಬಡಿಗೇರರಿಗೆ ಅಳತೆ ಕೊಡುವಾಗ ಟೇಪ್ ಹಿಡಿದೇ ಕೊಡಿ.